ಡಿಟರ್ಮಿನೆಂಟ್ ಎಂಬ ಚೀಟಿ

“ಸಾರ್, GL₂(ℝ)/SL₂(ℝ) ≅ ℝ* ಅಂತ ಎರಡೇ ಸಾಲಲ್ಲಿ ಮುಗಿಸಿಬಿಡ್ತಾರೆ. ಆ ಕೋಶಂಟ್ ಗ್ರೂಪ್ ಒಳಗೆ ನಿಜವಾಗಿ ಏನಿರುತ್ತೆ?”

ಅಲ್ಲಿರುವುದು ಮ್ಯಾಟ್ರಿಕ್ಸ್‌ಗಳ ಕಟ್ಟುಗಳು. ಡಿಟರ್ಮಿನೆಂಟ್ 2 ಇರುವ ಎಲ್ಲ ಮ್ಯಾಟ್ರಿಕ್ಸ್‌ಗಳದ್ದು ಒಂದು ಕಟ್ಟು, −5 ಇರುವವುಗಳದ್ದು ಇನ್ನೊಂದು. ಪ್ರತಿ ಕಟ್ಟಿಗೂ ಒಂದು ಸಂಖ್ಯೆಯ ಚೀಟಿ ಅಂಟಿಸಿದೆ ಅಂದುಕೊಳ್ಳಿ. ಥಿಯರಂ ಹೇಳುವುದು ಇಷ್ಟೆ: ಕಟ್ಟುಗಳನ್ನು ಗುಣಿಸುವುದೂ ಚೀಟಿಗಳನ್ನು ಗುಣಿಸುವುದೂ ಒಂದೇ.

ಕೈಯಾರೆ ಒಂದು ಲೆಕ್ಕ ಮಾಡೋಣ. A = [3 1; 1 1], B = [2 0; 0 1]. ಅರ್ಧವಿರಾಮದ ನಂತರದ್ದು ಎರಡನೇ ಸಾಲು. ಎರಡರ ಡಿಟರ್ಮಿನೆಂಟೂ 2, ಆದರೆ ನೋಡಲು ಏನೂ ಹೋಲಿಕೆಯಿಲ್ಲ. ಈಗ AB⁻¹ ಲೆಕ್ಕ ಹಾಕಿ: [3/2 1; 1/2 1]. ಇದರ ಡಿಟರ್ಮಿನೆಂಟ್ 3/2 − 1/2 = 1. ಅಂದರೆ A ಮತ್ತು B ನಡುವೆ ಇರುವ ವ್ಯತ್ಯಾಸ SL₂ ಒಳಗಿನ ಒಂದು ಮ್ಯಾಟ್ರಿಕ್ಸ್ ಅಷ್ಟೇ. ಇಬ್ಬರೂ ಒಂದೇ ಕೋಸೆಟ್‌ನವರು.

ಇದು ಕಾಕತಾಳೀಯವಲ್ಲ. det(AB) = det A · det B ಆಗಿರುವುದರಿಂದ det ಒಂದು ಹೋಮೊಮಾರ್ಫಿಸಂ. 1ಕ್ಕೆ ಹೋಗುವವೆಲ್ಲ ಸೇರಿ ಕರ್ನಲ್, ಅದೇ SL₂. ಉಳಿದದ್ದು ಆನ್‌ಟು ಅಂತ ತೋರಿಸುವುದು. ಉತ್ತರ ಪತ್ರಿಕೆಯಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಕೆಲವರು ಅದನ್ನು ಬರೆಯುವುದೇ ಇಲ್ಲ. ಹಾಗಾದರೆ ಸಿಗುವುದು det ಮುಟ್ಟುವ ಸಂಖ್ಯೆಗಳ ಗ್ರೂಪ್ ಮಾತ್ರ, ಅದು ಇಡೀ ℝ* ಅಂತ ಹೇಳುವ ಹಾಗಿಲ್ಲ. ಇನ್ನು ಕೆಲವರು “aI ತೆಗೆದುಕೊಳ್ಳಿ, ಡಿಟರ್ಮಿನೆಂಟ್ a” ಅಂತ ಬರೆಯುತ್ತಾರೆ. ಅದು a ಅಲ್ಲ, a². −5 ಬೇಕಾದಾಗ ಇದು ಕೈಕೊಡುತ್ತದೆ, ವರ್ಗ ಎಂದೂ ಋಣ ಆಗದು ಅಲ್ವಾ? [a 0; 0 1] ತೆಗೆದುಕೊಂಡರೆ ಸಾಕು, ಸೊನ್ನೆಯಲ್ಲದ ಯಾವ a ಆದರೂ ಸಿಗುತ್ತದೆ.

ಇದನ್ನು ನೋಡಿದ ಮೇಲೆ ಇನ್ನೊಂದು ಆಸೆ ಹುಟ್ಟುತ್ತದೆ: GL₂ ಅಂದರೆ SL₂ × ℝ* ಅಂತ ಬರೆದುಬಿಡಬಹುದಾ? 3×3ಕ್ಕೆ ಆಗುತ್ತದೆ. ಅಲ್ಲಿ ಯಾವ ಸಂಖ್ಯೆಗೂ ಒಂದು ನೈಜ ಘನಮೂಲ c ಇದೆ, cI ಎಲ್ಲದರ ಜೊತೆಗೂ ಕಮ್ಯೂಟ್ ಆಗುತ್ತದೆ, ಹಾಗಾಗಿ ಮ್ಯಾಟ್ರಿಕ್ಸನ್ನು ಎರಡು ಭಾಗವಾಗಿ ಸಲೀಸಾಗಿ ಬಿಡಿಸಬಹುದು. 2×2ಕ್ಕೆ ಆಗುವುದಿಲ್ಲ, ಅದೇ ವರ್ಗದ ತೊಂದರೆ. ಬೇರೆ ಯಾವುದಾದರೂ ಜಾಣ ದಾರಿ ಇರಬಹುದಾ ಅಂತ ಅನುಮಾನ ಬಂದರೆ ಹೀಗೆ ಎಣಿಸಿ. ಎಲ್ಲದರ ಜೊತೆ ಕಮ್ಯೂಟ್ ಆಗುತ್ತಾ, ವರ್ಗ ಮಾಡಿದರೆ ಐಡೆಂಟಿಟಿ ಬರುವ ಎಲಿಮೆಂಟ್‌ಗಳು GL₂ನಲ್ಲಿ ಎರಡೇ: I, −I. SL₂ × ℝ*ನಲ್ಲಿ ನಾಲ್ಕು: (I, 1), (I, −1), (−I, 1), (−I, −1). ಎರಡು ನಾಲ್ಕಾಗುವುದಿಲ್ಲ.