ಬಾಯಲ್ಲಿ ಬಂದ ಆರ್ಡರ್, ನನ್ನ ಕೈಬರಹದ ಎಂಟ್ರಿ

ನಾನು ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದೆ. ಅದರಲ್ಲಿ ಹಲವು ವರ್ಷ ಠಾಣೆಯ ರೈಟರ್ ಕೆಲಸ. ಠಾಣೆಗೆ ಯಾರು ಬಂದರು, ಯಾರು ಹೋದರು, ಯಾರನ್ನು ಎಷ್ಟು ಗಂಟೆಗೆ ಕರೆತಂದರು ಅನ್ನೋದೆಲ್ಲ ಸ್ಟೇಷನ್ ಹೌಸ್ ಡೈರಿಗೆ, ನಮ್ಮ ಮಾತಲ್ಲಿ ಎಸ್‌ಎಚ್‌ಡಿಗೆ, ಏರಿಸೋದು ರೈಟರ್. ಈ ಕೆಲಸದಲ್ಲಿ ಒಂದು ವಿಚಿತ್ರ ಇದೆ. ಸಾಹೇಬರು ಬಾಯಲ್ಲಿ ಹೇಳುತ್ತಾರೆ, ನಾವು ಕೈಯಲ್ಲಿ ಬರೆಯುತ್ತೇವೆ. ಹೇಳಿದ ಮಾತು ಗಾಳಿಗೆ ಹೋಗುತ್ತದೆ, ಬರೆದದ್ದು ಕೋರ್ಟಿಗೆ ಹೋಗುತ್ತದೆ.

ಒಂದು ತಾಲೂಕು ಠಾಣೆಯಲ್ಲಿದ್ದಾಗ ನಡೆದದ್ದು ಇದು. ಹಳ್ಳಿಗಳಲ್ಲಿ ಪಂಪ್‌ಸೆಟ್ ಮೋಟರ್ ಕಳ್ಳತನ ಜಾಸ್ತಿಯಾಗಿತ್ತು, ಮೇಲಿನಿಂದ ಒತ್ತಡವೂ ಇತ್ತು. ಒಂದು ರಾತ್ರಿ ಹತ್ತು ಗಂಟೆಗೆ ಜೀಪಿನಲ್ಲಿ ಹತ್ತೊಂಬತ್ತು ವರ್ಷದ ಹುಡುಗನೊಬ್ಬನನ್ನು ಕರೆತಂದರು. ಕಾಲಲ್ಲಿ ಒಂದೇ ಚಪ್ಪಲಿ. ನಾನು ಡೈರಿ ಎಳೆದುಕೊಂಡೆ. ಸಬ್ ಇನ್‌ಸ್ಪೆಕ್ಟರ್ ಒಳಗೆ ಬಂದವರೇ, "ರೈಟ್ರೇ, ಈಗ್ಲೇ ಎಂಟ್ರಿ ಬೇಡ, ನಾಳೆ ನೋಡೋಣ" ಅಂದರು. ನಾನು ಡೈರಿ ಮುಚ್ಚಿದೆ. ಆ ಹೊತ್ತಿಗೆ ನನಗೆ ಅದು ಆರ್ಡರ್ ಅಂತಲೂ ಅನಿಸಲಿಲ್ಲ, ಠಾಣೆಯ ಪದ್ಧತಿ ಅಷ್ಟೇ.

ಮರುದಿನ ಬೆಳಗ್ಗೆ ಹುಡುಗನ ಅಮ್ಮ ಬಂದು ಮೆಟ್ಟಿಲ ಮೇಲೆ ಕೂತರು. ಕೈಯಲ್ಲಿ ಸ್ಟೀಲ್ ಡಬ್ಬಿ. "ಮಗ ಇಲ್ಲೇ ಇದಾನಾ ಸ್ವಾಮಿ?" ಅಂತ ನನ್ನನ್ನೇ ಕೇಳಿದರು. ಡೈರಿಯ ಪ್ರಕಾರ ಅವನು ಅಲ್ಲಿರಲಿಲ್ಲ. ನಾನು ಏನೂ ಹೇಳದೆ ಡಬ್ಬಿ ತೆಗೆದುಕೊಂಡು ಒಳಗೆ ಕೊಟ್ಟೆ. ಇಲ್ಲೇ ಇದಾನೆ ಅಂತ ಹೇಳಿದ ಹಾಗೇ ಆಯಿತು ಅದು.

ಸಂಜೆ ಐದಕ್ಕೆ ಸಾಹೇಬರು ಕರೆದರು. ಮೋಟರ್ ಎಲ್ಲಿಟ್ಟಿದ್ದಾನೆ ಅಂತ ಹುಡುಗ ಬಾಯಿ ಬಿಟ್ಟಿಲ್ಲ, ಇನ್ನೆರಡು ದಿನ ಇರಲಿ, ಆಮೇಲೆ ಬಸ್ ಸ್ಟ್ಯಾಂಡ್ ಹತ್ತಿರ ಸಿಕ್ಕ ಅಂತ ಅರೆಸ್ಟ್ ತೋರಿಸಿ ಅಂದರು. ತೋರಿಸೋದು ಅನ್ನೋದು ನಮ್ಮ ಠಾಣೆ ಮಾತು. ಹಿಡಿಯೋದು ಬೇರೆ, ತೋರಿಸೋದು ಬೇರೆ. ಆ ಎರಡರ ನಡುವಿನ ಗಂಟೆಗಳಲ್ಲಿ ಮನುಷ್ಯ ಯಾವ ಪುಸ್ತಕದಲ್ಲೂ ಇರೋದಿಲ್ಲ.

ಇಲ್ಲಿ ಕಾನೂನು ಏನು ಹೇಳುತ್ತದೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದ್ರೆ ನಮ್ಮಲ್ಲಿ ಬಹಳ ಜನ ಇದನ್ನು ಅರ್ಧ ಮಾತ್ರ ತಿಳಿದುಕೊಂಡಿರುತ್ತಾರೆ. "ಮೇಲಿನವರು ಹೇಳಿದ್ರು, ನಾನು ಮಾಡಿದೆ, ಐಪಿಸಿ 76 ಇದೆಯಲ್ಲ" ಅಂತಾರೆ. ಇದೆ, ಈಗ ಅದು ಭಾರತೀಯ ನ್ಯಾಯ ಸಂಹಿತೆಯ, ಅಂದ್ರೆ ಬಿಎನ್‌ಎಸ್‌ನ, 14ನೇ ಸೆಕ್ಷನ್. ಆದರೆ ಅದರಲ್ಲಿ "ಮೇಲಿನವರು ಹೇಳಿದರೆ ಸಾಕು" ಅಂತ ಎಲ್ಲೂ ಇಲ್ಲ. ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸ ಮಾಡಿದರೆ ಅಪರಾಧವಲ್ಲ ಅನ್ನುತ್ತದೆ. ಅಥವಾ, ಹಾಗೆ ಮಾಡಲೇಬೇಕು ಅಂತ ಒಳ್ಳೆಯ ನಂಬಿಕೆಯಿಂದ ತಪ್ಪು ತಿಳಿದು ಮಾಡಿದ್ದರೆ. ಅದರಲ್ಲೂ ಆ ತಪ್ಪು ತಿಳಿವಳಿಕೆ ಸಂಗತಿಯ ಬಗ್ಗೆ ಆಗಿರಬೇಕು, ಕಾನೂನಿನ ಬಗ್ಗೆ ಅಲ್ಲ. ಕಾಯ್ದೆಯಲ್ಲೇ ಒಂದು ಉದಾಹರಣೆ ಕೊಟ್ಟಿದ್ದಾರೆ. ಸೈನಿಕನೊಬ್ಬ ಅಧಿಕಾರಿಯ ಆರ್ಡರ್ ಮೇಲೆ ಗುಂಪಿನ ಮೇಲೆ ಗುಂಡು ಹಾರಿಸಿದ, ಅದು ಕಾನೂನಿಗೆ ತಕ್ಕಂತೆ ಇತ್ತು, ಹಾಗಾಗಿ ಅವನದು ಅಪರಾಧವಲ್ಲ. ಎಲ್ಲರಿಗೂ ಆರ್ಡರ್ ಅನ್ನೋ ಪದ ನೆನಪಿರುತ್ತದೆ, ಕಾನೂನಿಗೆ ತಕ್ಕಂತೆ ಅನ್ನೋದು ಮರೆತುಹೋಗಿರುತ್ತದೆ.

ನನ್ನ ಕೇಸಿಗೇ ಇದನ್ನು ಹಾಕಿ ನೋಡಿ. ನಾನು ರಜೆಯಲ್ಲಿದ್ದು ಮೂರನೇ ದಿನ ಡ್ಯೂಟಿಗೆ ಬಂದೆ ಅಂತಿಟ್ಟುಕೊಳ್ಳಿ. "ಇವತ್ತು ಸಂಜೆ ಆರಕ್ಕೆ ಬಸ್ ಸ್ಟ್ಯಾಂಡಲ್ಲಿ ಹಿಡಿದ್ವಿ, ಬರ್ಕೊಳ್ಳಿ" ಅಂದಾಗ ನಾನು ನಂಬಿ ಬರೆದರೆ ಅದು ಸಂಗತಿಯ ಬಗ್ಗೆ ಆದ ತಪ್ಪು. ಅಲ್ಲಿ ನನಗೆ ರಕ್ಷಣೆ ಇದೆ. ಆದರೆ ರಾತ್ರಿ ಹತ್ತಕ್ಕೆ ಅವನು ಇಳಿದದ್ದನ್ನು ಕಣ್ಣಾರೆ ಕಂಡವನು ನಾನು. ಸಂಗತಿ ನನಗೆ ಗೊತ್ತು. ಉಳಿದದ್ದು, "ಸಾಹೇಬರು ಹೇಳಿದರೆ ಸುಳ್ಳು ಬರೆಯಬಹುದು ಅಂದುಕೊಂಡಿದ್ದೆ" ಅನ್ನೋದೊಂದೇ. ಅದು ಕಾನೂನಿನ ಬಗ್ಗೆ ಆದ ತಪ್ಪು, ಅದಕ್ಕೆ 76ರಲ್ಲಿ ಜಾಗ ಇಲ್ಲ. ಬರೆದಿದ್ದರೆ ಅಕ್ರಮ ಬಂಧನದಲ್ಲಿ ನಾನೂ ಪಾಲುದಾರ, ಸುಳ್ಳು ದಾಖಲೆಯಲ್ಲಂತೂ ನಾನೇ ಮೊದಲನೆಯವನು, ಬರಹ ನಂದೇ ಅಲ್ವಾ.

ಹಾಗಂತ ಪ್ರತಿ ಆರ್ಡರನ್ನೂ ತೂಗಿ ನೋಡೋದು ನಮ್ಮ ಕೆಲಸವಲ್ಲ. ಬಂದೋಬಸ್ತ್‌ನಲ್ಲಿ ಗಲಾಟೆ ಎದ್ದು ಲಾಠಿ ಚಾರ್ಜ್‌ಗೆ ಆರ್ಡರ್ ಆದಾಗ ಮೂರನೇ ಸಾಲಿನಲ್ಲಿ ನಿಂತ ಕಾನ್‌ಸ್ಟೇಬಲ್‌ಗೆ ಮುಂದೆ ಏನಾಗುತ್ತಿದೆ ಅಂತ ಕಾಣೋದೇ ಇಲ್ಲ, ಅವನು ನಂಬಲೇಬೇಕು. ಇಷ್ಟವಿಲ್ಲದ ಡ್ಯೂಟಿ, ಬೇಸರದ ಡ್ಯೂಟಿ, ತಲೆಹರಟೆ ಅನಿಸೋ ಡ್ಯೂಟಿ, ಎಲ್ಲವನ್ನೂ ಮಾಡಲೇಬೇಕು. ಆದರೆ 1861ರ ಪೊಲೀಸ್ ಕಾಯ್ದೆ ಕೂಡ ಪಾಲಿಸಿ ಅಂತ ಹೇಳಿದ್ದು ಕಾನೂನುಬದ್ಧವಾಗಿ ಕೊಟ್ಟ ಆರ್ಡರನ್ನು. ಬ್ರಿಟಿಷರು ಬರೆದ ಕಾಯ್ದೆ, ಅವರೂ ಆ ಪದ ಬಿಡಲಿಲ್ಲ.

ನಾನು ಆಗಾಗ ಹೊಸ ಹುಡುಗರಿಗೆ ಹೇಳೋದು ಮುಂಬೈ ಕೇಸು. 2006ರ ನವೆಂಬರ್ 11ರಂದು ಒಬ್ಬನನ್ನು ವಾಶಿಯಿಂದ ಎತ್ತಿಕೊಂಡು ಹೋಗಿ, ಅದೇ ಸಂಜೆ ವರ್ಸೋವಾದಲ್ಲಿ ಎನ್‌ಕೌಂಟರ್ ಆಯಿತು ಅಂತ ತೋರಿಸಿದರು. ಅವನ ಸಹೋದರ ವಕೀಲ. ಅವನನ್ನು ಹಿಡಿದುಕೊಂಡು ಹೋಗಿದ್ದಾರೆ, ಕೊಂದುಬಿಡುತ್ತಾರೆ ಅಂತ ಗುಂಡು ಹಾರೋ ಮೊದಲೇ ಅಧಿಕಾರಿಗಳಿಗೆ ಟೆಲಿಗ್ರಾಂ, ಫ್ಯಾಕ್ಸ್ ಕಳಿಸಿದ್ದ. ಅವುಗಳ ಮೇಲೆ ಸಮಯ ಇರುತ್ತದಲ್ಲ. ಠಾಣೆಯ ಕಾಗದ ಏನು ಹೇಳಿದರೂ ಹೊರಗೆ ಇನ್ನೊಂದು ಗಡಿಯಾರ ಓಡುತ್ತಿತ್ತು. ಜಾಮೀನಿನ ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ, 2011ರಲ್ಲಿ, ಮೇಲಿನವರ ಆರ್ಡರ್ ಪಾಲಿಸಿದೆವು ಅನ್ನೋ ನೆಪಕ್ಕೆ ನಕಲಿ ಎನ್‌ಕೌಂಟರ್ ಮಾಡಿದ ಪೊಲೀಸರನ್ನು ಬಿಡೋದಿಲ್ಲ ಅಂತ ಕೋರ್ಟ್ ಖಡಾಖಂಡಿತವಾಗಿ ಹೇಳಿತು. ಅಂಥ ಆರ್ಡರ್ ಬಂದರೆ ನಿರಾಕರಿಸೋದೇ ಅವನ ಕರ್ತವ್ಯ ಅಂತಲೂ ಹೇಳಿತು. ನ್ಯೂರೆಂಬರ್ಗ್ ವಿಚಾರಣೆಯಲ್ಲಿ ನಾಜಿಗಳು "ಆರ್ಡರ್ ಅಂದ್ರೆ ಆರ್ಡರ್" ಅಂದದ್ದನ್ನೂ ನೆನಪಿಸಿತು. 2013ರಲ್ಲಿ ಶಿಕ್ಷೆಯಾದವರಲ್ಲಿ 13 ಜನ ಪೊಲೀಸರು, ಜೀವಾವಧಿ.

ಅಷ್ಟು ದೊಡ್ಡ ಕೇಸಲ್ಲ ನನ್ನದು. ಆದರೆ ಗಡಿಯಾರದ ವಿಷಯ ಅದೇ. ಆ ಸಂಜೆ ನಾನು ಸಾಹೇಬರ ಜೊತೆ ನ್ಯಾಯ ಅನ್ಯಾಯ ಅಂತ ವಾದ ಮಾಡಲಿಲ್ಲ. "ಸಾರ್, ಜೀಪಿನ ಲಾಗ್ ಬುಕ್‌ನಲ್ಲಿ ನಿನ್ನೆ ರಾತ್ರಿ ಆ ಊರಿನ ಟ್ರಿಪ್ ಇದೆ, ಕಿಲೋಮೀಟರ್ ಸಮೇತ. ಸೆಂಟ್ರಿ ನೋಡಿದಾನೆ. ಅವರಮ್ಮ ಬೆಳಗ್ಗೆಯಿಂದ ಹೊರಗೆ ಕೂತಿದಾರೆ. ಮ್ಯಾಜಿಸ್ಟ್ರೇಟ್ ಮುಂದೆ ನಿಂತಾಗ ಯಾವಾಗ ಹಿಡಿದ್ರು ಅಂತ ಅವನನ್ನೇ ಕೇಳ್ತಾರೆ. ಅಲ್ಲಿಗೆ ಹಾಜರುಪಡಿಸೋಕೆ ಇರೋ ಇಪ್ಪತ್ನಾಲ್ಕು ಗಂಟೆಗೆ ಇನ್ನು ಐದು ಗಂಟೆ ಇದೆ" ಅಂದೆ. ಅವರು ಏನೂ ಮಾತಾಡಲಿಲ್ಲ. ಆಮೇಲೆ, "ನಾನ್ ಹೇಳಿದ್ದನ್ನ ಬರೀರಿ" ಅಂದರು. "ಹಾಗಾದ್ರೆ ನೀವು ಒಂದು ಸಾಲು ಬರೆದು ಸಹಿ ಹಾಕಿ ಕೊಡಿ ಸಾರ್, ಅದರ ಕೆಳಗೆ ಬರೀತೀನಿ" ಅಂದೆ. ಪೆನ್ನು ಮುಂದಿಟ್ಟೆ. ಕೈ ನಡುಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಪೆನ್ನು ಅವರು ಮುಟ್ಟಲಿಲ್ಲ. ಕಳ್ಳತನದ ಸೆಕ್ಷನ್‌ಗೆ ಮೂರು ವರ್ಷದವರೆಗೆ ಶಿಕ್ಷೆ, ಹಾಗಾಗಿ ಅರೆಸ್ಟ್ ಮಾಡದೆ ಕರೆದಾಗ ಬರಬೇಕು ಅಂತ ನೋಟಿಸ್ ಕೊಟ್ಟು ಕಳಿಸಲು ಅವಕಾಶ ಇತ್ತು. ಏಳೂವರೆಗೆ ನೋಟಿಸ್ ಕೊಟ್ಟು, ಸಹಿ ಮಾಡಿಸಿಕೊಂಡು ಹುಡುಗನನ್ನು ಅಮ್ಮನ ಜೊತೆ ಕಳಿಸಿದರು. ಹದಿನೈದು ದಿನಕ್ಕೆ ನನ್ನನ್ನು ರೈಟರ್ ಕೆಲಸದಿಂದ ತೆಗೆದು ಬೀಟ್‌ಗೆ ಹಾಕಿದರು.

ಆದರೆ ಹಿಂದಿನ ರಾತ್ರಿಯ ಖಾಲಿ ಜಾಗ ಡೈರಿಯಲ್ಲಿ ಹಾಗೇ ಇತ್ತಲ್ಲ. ಹಿಂದಿನ ತಾರೀಕು ಹಾಕಿ ತೂರಿಸಬಹುದಿತ್ತು, ಅದೂ ಸುಳ್ಳೇ. ಹುಡುಗ ಹೋದ ಮೇಲೆ ಆ ಹೊತ್ತಿನ ಸಮಯ ಹಾಕಿಯೇ ಬರೆದೆ: ನಿನ್ನೆ ರಾತ್ರಿ ಹತ್ತಕ್ಕೆ ಕರೆತಂದದ್ದು, ಎಂಟ್ರಿ ಈಗ ತಡವಾಗಿ ಮಾಡಿದ್ದು. ಮುಂದಿನ ಇನ್‌ಸ್ಪೆಕ್ಷನ್‌ನಲ್ಲಿ ಅದು ಕಣ್ಣಿಗೆ ಬಿದ್ದು, ತಡ ಯಾಕಾಯಿತು ಅಂತ ನನಗೇ ಮೆಮೊ ಬಂತು. ಸಮಜಾಯಿಷಿ ಬರೆಯಲು ಕೂತೆ. ಮೊದಲ ಸಾಲು ತಾನಾಗೇ ಬಂತು: "ಮೇಲಾಧಿಕಾರಿಗಳ ಮೌಖಿಕ ಆದೇಶದ ಮೇರೆಗೆ." ಅಷ್ಟು ಬರೆದು ಸ್ವಲ್ಪ ಹೊತ್ತು ಸುಮ್ನೆ ನೋಡಿದೆ. ಆಮೇಲೆ ಆ ಸಾಲನ್ನು ಉಳಿಸಿಕೊಂಡೆ, ಯಾಕಂದ್ರೆ ಅದು ನಿಜ. ಅದರ ಕೆಳಗೆ ಇನ್ನೊಂದು ಸೇರಿಸಿದೆ: "ಆದರೆ ಡೈರಿ ನನ್ನ ಬಳಿಯೇ ಇತ್ತು, ಬರೆಯದೆ ಮುಚ್ಚಿದ್ದು ನಾನು." ವಾಗ್ದಂಡನೆ ಆಯಿತು. ಸರ್ವಿಸ್ ರಿಜಿಸ್ಟರ್‌ನಲ್ಲಿ ಈಗಲೂ ಇದೆ.