ಹ್ಯಾಂಡ್‌ಬಾಲ್: ಎಲ್ಲ ಮಕ್ಕಳ ಕೈಗೂ ಬಾಲು ಸಿಗಬೇಕಾದರೆ

"ಸಾರ್, ಹ್ಯಾಂಡ್‌ಬಾಲ್ ಆಡಿಸಿದ್ರೆ ಇಬ್ಬರೋ ಮೂವರೋ ಚುರುಕಿನ ಮಕ್ಕಳೇ ಆಡ್ತಾರೆ, ಉಳಿದವರು ಸುಮ್ನೆ ನಿಂತಿರ್ತಾರೆ. ಎಲ್ರೂ ಆಡೋ ಹಾಗೆ ಮಾಡೋದು ಹೇಗೆ?"

ಹಾಸನ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ದೈಹಿಕ ಶಿಕ್ಷಕರು ಸಿಕ್ಕಾಗಲೆಲ್ಲ ಇದನ್ನು ಕೇಳುತ್ತಾರೆ. ಆರು, ಏಳನೇ ತರಗತಿಯ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಹೇಳುತ್ತೇನೆ.

ಮೊದಲು ಅಂಕಣ. ತರಗತಿಯಲ್ಲಿ ಮೂವತ್ತು ಮಕ್ಕಳಿದ್ದಾರೆ ಎಂದುಕೊಳ್ಳಿ. ಪೂರ್ತಿ ಅಂಕಣದಲ್ಲಿ ಏಳೇಳು ಜನ ಆಡಿದರೆ ಹದಿನಾರು ಮಕ್ಕಳು ಗೆರೆಯಾಚೆ ಕೂರಬೇಕು. ಅಂಕಣದ ಅಳತೆ 40 ಮೀಟರ್ ಉದ್ದ, 20 ಮೀಟರ್ ಅಗಲ. ಅದನ್ನು ಅಡ್ಡಕ್ಕೆ ಮೂರು ಪಾಲು ಮಾಡಿ, ನಡುವೆ ಒಂದೊಂದು ಮೀಟರ್ ಖಾಲಿ ಬಿಟ್ಟರೆ, 20 ಮೀಟರ್ ಉದ್ದ, ಹನ್ನೆರಡೂವರೆ ಮೀಟರ್ ಅಗಲದ ಮೂರು ಪುಟ್ಟ ಅಂಕಣಗಳು ಸಿಗುತ್ತವೆ. ಒಂದೊಂದರಲ್ಲಿ ಹತ್ತು ಮಕ್ಕಳು, ಅಂದರೆ ಪ್ರತಿ ತಂಡಕ್ಕೆ ನಾಲ್ವರು ಮತ್ತು ಒಬ್ಬ ಗೋಲಿ. ಎರಡು ಬಿದಿರು ಗಳಗಳನ್ನು ಎರಡೂವರೆ ಮೀಟರ್ ಅಂತರದಲ್ಲಿ ನೆಟ್ಟು, ಒಂದು ಮೀಟರ್ 60 ಸೆಂಟಿಮೀಟರ್ ಎತ್ತರಕ್ಕೆ ಹಗ್ಗ ಕಟ್ಟಿದರೆ ಗೋಲಾಯಿತು. ಗೋಲಿನ ಮುಂದೆ 5 ಮೀಟರ್‌ಗೆ ಸುಣ್ಣದ ನೇರ ಗೆರೆ ಸಾಕು, ಕಮಾನು ಎಳೆಯುವ ಶ್ರಮ ಬೇಡ. ಬಾಲು 1ನೇ ಸೈಜ್‌ನದು, ಸುತ್ತಳತೆ 50ರಿಂದ 52 ಸೆಂಟಿಮೀಟರ್. ಸ್ವಲ್ಪ ಗಾಳಿ ಕಡಿಮೆ ಇದ್ದರೆ ಸಣ್ಣ ಕೈಗೆ ಇನ್ನೂ ಚೆನ್ನಾಗಿ ಹಿಡಿತ ಸಿಗುತ್ತದೆ.

ಇಷ್ಟಾದರೂ ಮೊದಲ ಐದು ನಿಮಿಷದಲ್ಲಿ ಹಳೆಯ ಚಿತ್ರವೇ ಕಾಣುತ್ತದೆ. ಗಟ್ಟಿ ಹುಡುಗನೊಬ್ಬ ಬಾಲನ್ನು ನೆಲಕ್ಕೆ ಬಡಿಯುತ್ತಾ ಈ ತುದಿಯಿಂದ ಆ ತುದಿಗೆ ಓಡಿ ಗೋಲು ಹೊಡೆಯುತ್ತಾನೆ. ಅಂಕಣ ಚಿಕ್ಕದಾದಷ್ಟೂ ಅವನಿಗೆ ಇದು ಸುಲಭ. ಹಾಗಾಗಿ ನಾನು ಮೊದಲು ತೆಗೆದುಹಾಕುವುದು ಡ್ರಿಬಲ್ಲನ್ನು. ಬಾಲು ಹಿಡಿದವರು ಮೂರು ಹೆಜ್ಜೆ ಇಡಬಹುದು, ಆಮೇಲೆ ಪಾಸ್ ಕೊಡಬೇಕು ಇಲ್ಲವೇ ಗೋಲಿಗೆ ಎಸೆಯಬೇಕು. ಮೂರು ಸೆಕೆಂಡಿನ ನಿಯಮವನ್ನು ಶುರುವಿನಲ್ಲಿ ಬಿಗಿಯಾಗಿ ಹಿಡಿಯಬೇಡಿ. ಸುತ್ತ ನೋಡಿ ಯಾರು ಬಿಡುವಾಗಿದ್ದಾರೆ ಎಂದು ಗುರುತಿಸಲು ಹೊಸಬರಿಗೆ ಐದು ಸೆಕೆಂಡಾದರೂ ಬೇಕು.

ಡ್ರಿಬಲ್ ಹೋದ ತಕ್ಷಣ ಇನ್ನೊಂದು ತೊಂದರೆ ಎದುರಾಗುತ್ತದೆ. ಬಾಲು ಹಿಡಿದ ಮಗು ನಿಂತಲ್ಲೇ ಸಿಕ್ಕಿಬೀಳುತ್ತದೆ, ಎದುರಾಳಿಗಳು ಮುತ್ತಿಕೊಂಡು ಕೈಯಿಂದ ಕಿತ್ತುಕೊಳ್ಳುತ್ತಾರೆ. ಹೀಗೆ ಒಂದೆರಡು ಸಲ ಕಿತ್ತುಕೊಂಡರೆ ಅಳುಕಿನ ಮಗು ಬಾಲು ಬರುವ ದಿಕ್ಕಿಗೇ ಹೋಗುವುದಿಲ್ಲ. ಆದ್ದರಿಂದ ಇಲ್ಲಿ ಜೊತೆಗೆ ಎರಡು ನಿಯಮ ಬೇಕು. ಕೈಯಲ್ಲಿರುವ ಬಾಲನ್ನು ಮುಟ್ಟುವಂತಿಲ್ಲ, ಒಂದು ತೋಳಿನಷ್ಟು ದೂರ ನಿಂತು ಪಾಸನ್ನು ಮಾತ್ರ ತಡೆಯಬಹುದು. ಮತ್ತು ಒಬ್ಬರಿಗೆ ಒಬ್ಬರೇ ಕಾವಲು. ಆಟಕ್ಕೆ ಮುಂಚೆ ಓಟದಲ್ಲಿ ಸಮನಾದವರನ್ನು ಜೋಡಿ ಮಾಡಿ, ಕೈ ಕುಲುಕಿಸಿ ಕಳಿಸಿ. ಎಲ್ಲರೂ ಗೆರೆಯ ಮೇಲೆ ಗೋಡೆಯಂತೆ ನಿಲ್ಲಲು ಬಿಟ್ಟರೆ ಅವರ ತಲೆಯ ಮೇಲಿಂದ ಎಸೆಯಬಲ್ಲ ಎತ್ತರದ ಹುಡುಗನೊಬ್ಬನಿಗೇ ಆಟ ಉಳಿಯುತ್ತದೆ. ಜೋಡಿ ಕಾವಲಿನಲ್ಲಿ ಬೆನ್ನ ಹಿಂದೆ ಜಾಗ ಬಿಚ್ಚಿಕೊಳ್ಳುತ್ತದೆ, ಆ ಜಾಗಕ್ಕೆ ಓಡಿದ ಮಗು ಕುಳ್ಳಗಿದ್ದರೂ ಬಾಲು ಪಡೆಯುತ್ತದೆ.

ನನಗೆ ಬಹಳ ಇಷ್ಟದ ಬದಲಾವಣೆ ಗೋಲಿಯದು. ತನ್ನ ತಂಡದ ಬಳಿ ಬಾಲಿದ್ದಾಗ ಗೋಲಿಯೂ ಮುಂದೆ ಬಂದು ಆಡಬೇಕು. ಆಗ ದಾಳಿಗೆ ಐವರು, ಕಾಯಲು ನಾಲ್ವರು. ಯಾವ ಕ್ಷಣದಲ್ಲಾದರೂ ಒಬ್ಬರು ಬಿಡುವಾಗಿಯೇ ಇರುತ್ತಾರೆ. "ಪಾಸ್ ಕೊಡೋ" ಎಂದು ನಾವು ಕೂಗುವ ಅಗತ್ಯವೇ ಇರುವುದಿಲ್ಲ. ಆದರೆ ಬಾಲು ಕೈತಪ್ಪಿದರೆ ಹಿಂದೆ ಗೋಲು ಖಾಲಿ. ಎದುರಾಳಿ ತನ್ನ ತುದಿಯಿಂದಲೇ ಎಸೆದು ಗೋಲು ಹೊಡೆದರೆ ಮತ್ತೆ ಬಲವಾದ ತೋಳಿನವನದೇ ರಾಜ್ಯ. ಅದಕ್ಕೆ ನಡುಗೆರೆ ದಾಟಿದ ಮೇಲೆಯೇ ಗೋಲಿಗೆ ಎಸೆಯಬೇಕು ಎಂದು ಸೇರಿಸಿ. ಗೋಲಾದ ಮೇಲೆ ಮಧ್ಯದಿಂದ ಶುರುಮಾಡುವುದು ಬೇಡ, ಗೋಲಿ ಅಲ್ಲಿಂದಲೇ ಎಸೆದು ಆಟ ಮುಂದುವರಿಸಲಿ. ಗೋಲಿಯನ್ನು ಕೆಲವು ನಿಮಿಷಕ್ಕೊಮ್ಮೆ ಬದಲಿಸುತ್ತಿರಿ.

ಇಷ್ಟರಿಂದ ಬಾಲು ಎಲ್ಲರಿಗೂ ಸಿಗುತ್ತದೆ, ಆದರೆ ಗೋಲು ಹೊಡೆಯುವವರು ಮಾತ್ರ ಅವರೇ. ಇದಕ್ಕೆ ಹಲವರು "ಎಲ್ಲರೂ ಒಂದು ಸಲ ಮುಟ್ಟಿದ ಮೇಲೆಯೇ ಗೋಲು" ಎಂಬ ನಿಯಮ ತರುತ್ತಾರೆ. ನಾನದನ್ನು ಒಪ್ಪುವುದಿಲ್ಲ. ಇನ್ನೂ ಮುಟ್ಟದ ಮಗು ಯಾವುದೆಂದು ಕಾಯುವವರಿಗೂ ಗೊತ್ತು, ಅದನ್ನೇ ಸುತ್ತುವರಿಯುತ್ತಾರೆ. ಅದು ಮುಟ್ಟುವವರೆಗೆ ಗೋಲಿಗೆ ಎಸೆತ ಬರುವುದಿಲ್ಲ ಎಂದು ಗೋಲಿನ ಮುಂದೆ ಕಾವಲೂ ಸಡಿಲವಾಗುತ್ತದೆ. ಸ್ವಂತ ತಂಡದವರೋ ಅದರ ಕೈಗೆ ಬಾಲಿಟ್ಟು ಮರುಗಳಿಗೆಯೇ ವಾಪಸ್ ತೆಗೆದುಕೊಳ್ಳುತ್ತಾರೆ. ಲೆಕ್ಕಕ್ಕೆ ಮುಟ್ಟಿದಂತಾಯಿತು, ಆದರೆ ಆ ಮಗು ಏನನ್ನೂ ನಿರ್ಧರಿಸಲಿಲ್ಲ. ಹೆಣ್ಣುಮಕ್ಕಳ ಗೋಲಿಗೆ ಎರಡು ಅಂಕ ಎನ್ನುವುದೂ ನನಗೆ ಬೇಡ. ನೀನು ಕಡಿಮೆ ಎಂದು ಎಲ್ಲರೆದುರು ಹೇಳಿದಂತೆ ಅದು.

ಬದಲಿಗೆ ಜರ್ಮನಿಯಲ್ಲಿ ಚಿಕ್ಕ ಮಕ್ಕಳ ಪಂದ್ಯಗಳಿಗೆ ಬಳಸಿರುವ ಒಂದು ಲೆಕ್ಕವಿದೆ: ಹೊಡೆದ ಗೋಲುಗಳನ್ನು, ಗೋಲು ಹೊಡೆದವರ ಸಂಖ್ಯೆಯಿಂದ ಗುಣಿಸುವುದು. ಕೆಂಪು ತಂಡದ ಇಬ್ಬರೇ ಸೇರಿ 9 ಗೋಲು ಹೊಡೆದರೆ 18 ಅಂಕ. ನೀಲಿ ತಂಡದ ನಾಲ್ವರು ಸೇರಿ 5 ಗೋಲು ಹೊಡೆದರೆ 20. ನೀಲಿ ಗೆದ್ದಿತು. ಕೆಂಪು ತಂಡದ ಮೂರನೆಯ ಮಗು ಒಂದೇ ಒಂದು ಗೋಲು ಹೊಡೆದಿದ್ದರೆ 10ನ್ನು 3ರಿಂದ ಗುಣಿಸಿ 30 ಆಗುತ್ತಿತ್ತು. ಈ ಗುಣಾಕಾರವನ್ನು ಸ್ಲೇಟಿನ ಮೇಲೆ ಬರೆದು ತೋರಿಸಿ ನೋಡಿ, ವಿರಾಮದಲ್ಲಿ ಮಕ್ಕಳೇ ಗುಂಪುಕಟ್ಟಿ ಯಾರನ್ನು ಎಲ್ಲಿಂದ ಓಡಿಸಬೇಕೆಂದು ಚರ್ಚಿಸುತ್ತಾರೆ. ಗೋಲು ಒಬ್ಬನೇ ಹೊಡೆದರೂ ಲೆಕ್ಕಕ್ಕಿದೆ, ಯಾರಿಗೂ ತಡೆಯಿಲ್ಲ.

ಇದೂ ಕೆಡುವುದುಂಟು. ಕೊನೆಯ ನಿಮಿಷಗಳಲ್ಲಿ ಗೋಲು ಹೊಡೆಯದ ಮಗುವಿನ ಹೆಸರನ್ನು ಹಿಡಿದು ಎಲ್ಲರೂ ಕೂಗತೊಡಗಿದರೆ, ಅದು ಗಾಬರಿಯಲ್ಲಿ ಎಲ್ಲಿಂದಲೋ ಎಸೆದು ತಪ್ಪಿದರೆ, ಒತ್ತಡ ಮೀರಿದೆ ಎಂದು ತಿಳಿಯಿರಿ. ಆಗ ಪಂದ್ಯವನ್ನು ಐದೈದು ನಿಮಿಷದ ತುಂಡುಗಳಾಗಿ ಮಾಡಿ, ಪ್ರತಿ ತುಂಡಿಗೂ ಬೇರೆ ಲೆಕ್ಕ ಇಡಿ. ಒಂದು ತುಂಡಿನಲ್ಲಿ ಆಗದಿದ್ದರೆ ಮುಂದಿನದು ಹೊಸದಾಗಿ ಶುರುವಾಗುತ್ತದೆ, ಎಲ್ಲವೂ ಒಂದೇ ಮಗುವಿನ ತಲೆಗೆ ಬರುವುದಿಲ್ಲ.

ನಿಯಮ ಕೆಲಸ ಮಾಡುತ್ತಿದೆಯೇ ಎಂದು ಕಣ್ಣಂದಾಜಿನಲ್ಲಿ ಹೇಳಬೇಡಿ, ಗಲಾಟೆ ಜಾಸ್ತಿಯಿದ್ದರೆ ಆಟವೂ ಚೆನ್ನಾಗಿದೆ ಎನಿಸಿಬಿಡುತ್ತದೆ. ಜ್ವರವೋ ಕಾಲುನೋವೋ ಇದ್ದು ಆಡದೆ ಕೂತ ಮಗುವಿಗೆ ಕಾಗದ ಕೊಟ್ಟು, ಐದು ನಿಮಿಷದಲ್ಲಿ ಯಾರು ಎಷ್ಟು ಸಲ ಬಾಲು ಹಿಡಿದರೆಂದು ಗೀಟು ಹಾಕಿಸಿ. ಸರಾಸರಿಯನ್ನು ಬಿಟ್ಟು ಅತಿ ಕಡಿಮೆ ಗೀಟಿರುವ ಹೆಸರನ್ನು ನೋಡಿ. ನಿಯಮ ಬದಲಿಸಿದ ಮೇಲೂ ಆ ಹೆಸರಿನ ಮುಂದೆ ಒಂದೆರಡೇ ಗೀಟಿದ್ದರೆ, ಅವಳ ಕಡೆ ಬರುವ ಪಾಸನ್ನು ಗಮನಿಸಿ. ಬಹಳ ಸಲ ಬಾಲು ಹತ್ತಿರದಿಂದ ರಭಸವಾಗಿ ಬಂದು ಬೆರಳಿಗೆ ಬಡಿದಿರುತ್ತದೆ, ಅವಳು ಹಿಡಿಯಲು ಹೆದರಿರುತ್ತಾಳೆ. ಅಲ್ಲಿ ಹೊಸ ನಿಯಮ ಬೇಡ, ಅವಳ ತಂಡಕ್ಕೆ ಒಂದು ಪುಟಿತದ ಪಾಸನ್ನು ಹೇಳಿಕೊಡಿ. ನೆಲಕ್ಕೆ ಬಿದ್ದು ಮೇಲೆದ್ದು ಬರುವ ಬಾಲು ಮೆತ್ತಗಾಗಿರುತ್ತದೆ. ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಒದ್ದೆ ಮೈದಾನಗಳಲ್ಲಿ ಬಾಲು ಪುಟಿಯುವುದಿಲ್ಲ, ಅಲ್ಲಿ ಕೆಳಗೈಯಿಂದ ಎಸೆಯುವುದೇ ಸರಿ.

ತಾಲ್ಲೂಕು ಪಂದ್ಯಕ್ಕೆ ಹೋಗುವ ಮಕ್ಕಳಿಗೆ ಡ್ರಿಬಲ್ ಬರಲೇಬೇಕಲ್ಲ ಎಂದು ಕೇಳುವವರಿದ್ದಾರೆ. ಬರಬೇಕು. ಮಕ್ಕಳು ಪಾಸ್ ಕೊಟ್ಟ ಕೂಡಲೇ ನಿಲ್ಲದೆ ಖಾಲಿ ಜಾಗಕ್ಕೆ ಓಡುವುದು ರೂಢಿಯಾದಾಗ ಒಂದು ಪುಟಿತಕ್ಕೆ ಅನುಮತಿ ಕೊಡಿ. ಗೀಟಿನ ಕಾಗದದಲ್ಲಿ ಕೆಳಗಿನ ಹೆಸರು ಮತ್ತೆ ಕುಸಿಯದಿದ್ದರೆ ಪೂರ್ತಿ ಡ್ರಿಬಲ್ ಬಿಡಿ, ಕುಸಿದರೆ ಇನ್ನೊಂದಿಷ್ಟು ದಿನ ಒಂದೇ ಪುಟಿತದಲ್ಲಿ ಆಡಿಸಿ.