ಕೆಲಸ ಹೋಗುವ ಪತ್ರದಲ್ಲಿ ಎರಡು ‘ಹದಿನೈದು ದಿನ’

ಕುಂಬಳೆ ಹತ್ತಿರದ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಸಂಬಳ, ಪಿಎಫ್, ಇಎಸ್‌ಐ ಲೆಕ್ಕ ನೋಡುವುದು ನನ್ನ ಕೆಲಸ. 2023ರಲ್ಲಿ ಪ್ಯಾಕಿಂಗ್ ವಿಭಾಗ ಪೂರ್ತಿ ಮುಚ್ಚಿತು. ಅಲ್ಲಿ ಕೆಲಸ ಕಳೆದುಕೊಳ್ಳುವವರಿಗೆ ಅಂತ ಮ್ಯಾನೇಜರ್ ಬರೆದುಕೊಟ್ಟ ನೋಟೀಸಿನಲ್ಲಿ ಅರ್ಧ ಪುಟ ಬೇಸರ ಇತ್ತು, ಕೊನೆಗೆ ‘ಬಾಕಿ ಎಲ್ಲ ಕಾನೂನು ಪ್ರಕಾರ ಕೊಡಲಾಗುವುದು’ ಅಂತ ಒಂದೇ ಸಾಲು. ಮನೆಗೆ ಹೋಗಿ ಮಗಳ ಹತ್ತಿರ ಓದಿಸಿದರೆ ಏನು ಗೊತ್ತಾಗುತ್ತದೆ, ಎಷ್ಟು ದುಡ್ಡು, ಯಾವತ್ತು ಅಂತ ಬೇಡವಾ?

ಬೇಸರವನ್ನು ಎರಡು ಸಾಲಿಗೆ ಇಳಿಸಿದೆ: ವಿಭಾಗ ಮುಚ್ಚುತ್ತಿದೆ, ಇದರಲ್ಲಿ ನಿಮ್ಮ ಕೆಲಸದ ತಪ್ಪೇನೂ ಇಲ್ಲ. ಉಳಿದದ್ದೆಲ್ಲ ಲೆಕ್ಕ, ಕನ್ನಡದಲ್ಲೂ ಮಲಯಾಳದಲ್ಲೂ.

ಒಬ್ಬ ಅಕ್ಕನ ಲೆಕ್ಕ ಹೇಳುತ್ತೇನೆ. ಸೇರಿದ್ದು 2016 ಮಾರ್ಚ್ 1. ನೋಟೀಸು ಕೈಗೆ ಸಿಕ್ಕಿದ್ದು 2023 ಸೆಪ್ಟೆಂಬರ್ 30, ಕೊನೆಯ ದಿನ ಅಕ್ಟೋಬರ್ 31. ಒಂದು ತಿಂಗಳ ನೋಟೀಸು ಸರಿಹೋಯಿತು. ಸಂಬಳ, ಮೂಲವೇತನ ಮತ್ತು ಡಿಎ ಸೇರಿ, 15,600. ಸರ್ವಿಸ್ ಏಳು ವರ್ಷ ಎಂಟು ತಿಂಗಳು, ಆರು ತಿಂಗಳು ದಾಟಿದ್ದರಿಂದ ಎಂಟು ವರ್ಷ ಅಂತಲೇ ಹಿಡಿಯಬೇಕು.

ಈಗ ಜಗಳ ಹುಟ್ಟುವ ಜಾಗ. ಕೆಲಸದಿಂದ ತೆಗೆದದ್ದಕ್ಕೆ ಕೊಡುವ ಪರಿಹಾರವೂ ವರ್ಷಕ್ಕೆ ಹದಿನೈದು ದಿನದ ಸಂಬಳ, ಗ್ರಾಚ್ಯುಟಿಯೂ ಹದಿನೈದು ದಿನದ್ದೇ. ಆದರೆ ಮೊತ್ತ ಬೇರೆ ಬೇರೆ! ಗ್ರಾಚ್ಯುಟಿಗೆ ತಿಂಗಳ ಸಂಬಳವನ್ನು 26ರಿಂದ ಭಾಗಿಸುತ್ತಾರೆ, ಅಂದರೆ ದಿನಕ್ಕೆ 600, ವರ್ಷಕ್ಕೆ 9,000, ಎಂಟು ವರ್ಷಕ್ಕೆ 72,000. ಪರಿಹಾರಕ್ಕೆ ಹಾಗಲ್ಲ, ತಿಂಗಳ ಸಂಬಳದವರಿಗೆ ಕೊನೆಯ ಮೂರು ತಿಂಗಳ ಸರಾಸರಿಯ ಅರ್ಧ. ವರ್ಷಕ್ಕೆ 7,800, ಒಟ್ಟು 62,400. 26ರ ಲೆಕ್ಕ ಇಲ್ಲಿಗೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಎರಡನ್ನೂ ಕೂಡಿಸಿ 1,34,400 ಅಂತ ಮಾತ್ರ ಬರೆದರೆ, ಯಾರೋ ಎರಡಕ್ಕೂ ವರ್ಷಕ್ಕೆ 9,000 ಅಂತ ಹಿಡಿದು ಮೊಬೈಲಿನಲ್ಲಿ ಗುಣಿಸಿ ನೋಡಿ ‘9,600 ನುಂಗಿದ್ದಾರೆ’ ಅಂತಾರೆ. ಅವರನ್ನು ದೂರಿ ಪ್ರಯೋಜನ ಇಲ್ಲ. ಹಾಗಾಗಿ ಎರಡು ಲೆಕ್ಕವನ್ನೂ ಬಿಡಿಸಿ ಬೇರೆ ಬೇರೆ ಬರೆದೆ.

ದಿನಾಂಕವೂ ಎರಡು. ಪರಿಹಾರ ಕೆಲಸದಿಂದ ತೆಗೆಯುವ ಹೊತ್ತಿಗೇ ಕೈಸೇರಬೇಕು, ಆಮೇಲೆ ನೋಡೋಣ ಅಂದರೆ ತೆಗೆದದ್ದೇ ಊರ್ಜಿತವಾಗುವುದಿಲ್ಲ. ಹಾಗಾಗಿ ಅಕ್ಟೋಬರ್ 31, ಆ ತಿಂಗಳ ಸಂಬಳವೂ ಅದರ ಜೊತೆಗೇ. ಗ್ರಾಚ್ಯುಟಿಗೆ ಮೂವತ್ತು ದಿನ ಇದೆ, ನವೆಂಬರ್ 30ರೊಳಗೆ ಅಂತ ಬರೆದೆವು. ‘ರಾಜೀನಾಮೆ ಬರೆಸಿಕೊಳ್ಳೋಣ, ಸುಲಭ’ ಅಂದವರಿದ್ದರು. ತಾನಾಗಿ ಬಿಟ್ಟವರಿಗೆ ಈ ಪರಿಹಾರವೇ ಇಲ್ಲ, ಅದು ಸುಲಭ ಯಾರಿಗೆ ಅಂತ ಗೊತ್ತಾಯ್ತಲ್ವಾ.

(ಆಗ 1947ರ ಕೈಗಾರಿಕಾ ವಿವಾದ ಕಾಯ್ದೆ ಇತ್ತು. 2025 ನವೆಂಬರ್ 21ರಿಂದ ಹೊಸ ಸಂಹಿತೆಗಳು ಬಂದಿವೆ, ಈಗ ನೋಟೀಸು ಬರೆಯುವವರು ಅದನ್ನು ನೋಡಿಯೇ ಬರೆಯಿರಿ.)

ಅಕ್ಕ ಪತ್ರ ಓದಿ ದುಡ್ಡಿನ ವಿಷಯ ಕೇಳಲೇ ಇಲ್ಲ. ‘ಸರ್, ಇಎಸ್‌ಐ ಕಾರ್ಡ್ ನಾಳೆಯಿಂದ ನಡೆಯೋದಿಲ್ವಾ? ಗಂಡನಿಗೆ ಶುಗರ್ ಮಾತ್ರೆ ಅಲ್ಲಿಂದಲೇ’ ಅಂದರು. ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಕಟ್ಟಿದ ವಂತಿಗೆಗೆ ಜನವರಿಯಿಂದ ಜೂನ್ ತನಕ ಸೌಲಭ್ಯ ಸಿಗುತ್ತದೆ. ಹಾಗಾಗಿ ಕೆಲಸ ಬಿಟ್ಟರೂ ಕಾರ್ಡು 2024 ಜೂನ್ 30ರ ತನಕ ನಡೆಯುತ್ತದೆ ಅಂದೆ. ಆ ಸಾಲು ಪತ್ರದ ಎರಡನೇ ಪುಟದಲ್ಲಿತ್ತು. ಉಳಿದವರ ಪ್ರತಿಗಳಲ್ಲಿ ಅದನ್ನು ಮೊದಲ ಪುಟಕ್ಕೆ ತಂದು, ಪಿಎಫ್‌ನಲ್ಲಿ ಕೆಲಸ ಬಿಟ್ಟ ದಿನಾಂಕವನ್ನು ನಾವೇ ನಮೂದಿಸುತ್ತೇವೆ ಅನ್ನುವುದನ್ನೂ ಅದರ ಕೆಳಗೇ ಹಾಕಿದೆ.